ಪಲ್ಯ ಮೊದಲು, ಅನ್ನ ಆಮೇಲೆ

ಪ್ರಶ್ನೆ: ನನ್ನ ಅಮ್ಮನಿಗೆ ಅರುವತ್ತಮೂರು ವರ್ಷ. ಆರು ವರ್ಷದಿಂದ ಸಕ್ಕರೆ ಕಾಯಿಲೆ ಇದೆ, ಮೆಟ್‌ಫಾರ್ಮಿನ್ ಮಾತ್ರೆ ಬೆಳಗ್ಗೆ ಒಂದು, ರಾತ್ರಿ ಒಂದು ತೆಗೆದುಕೊಳ್ಳುತ್ತಾರೆ. ಖಾಲಿ ಹೊಟ್ಟೆಯಲ್ಲಿ ಪರೀಕ್ಷಿಸಿದರೆ 120ರ ಆಸುಪಾಸು ಇರುತ್ತದೆ. ಮಧ್ಯಾಹ್ನ ಊಟವಾದ ಮೇಲೆ 230 ದಾಟುತ್ತದೆ. ತರಕಾರಿ ಮತ್ತು ಮೀನು ಮೊದಲು ತಿಂದು ಅನ್ನ ಕೊನೆಗೆ ಉಣ್ಣಬೇಕು, ಉಂಡ ಮೇಲೆ ಹತ್ತು ನಿಮಿಷ ನಡೆಯಬೇಕು, ಆಗ ಸಕ್ಕರೆ ಅಷ್ಟು ಏರುವುದಿಲ್ಲ ಎಂದು ಮಂಗಳೂರಿನಲ್ಲಿ ಓದುತ್ತಿರುವ ನನ್ನ ತಂಗಿಯ ಮಗ ಹೇಳುತ್ತಾನೆ. ಹೊಟ್ಟೆಗೆ ಹೋದ ಮೇಲೆ ಎಲ್ಲವೂ ಒಂದೇ ಅಲ್ಲವೇ ಎಂದು ಅಮ್ಮ ಕೇಳುತ್ತಾರೆ. ಇದರಲ್ಲಿ ಹುರುಳಿದೆಯೇ? ಕುಚ್ಚಲಕ್ಕಿ ಅನ್ನ, ರಾತ್ರಿ ಗಂಜಿ ಉಣ್ಣುವ ನಮ್ಮಂಥವರಿಗೆ ಹೊಂದುತ್ತದೆಯೇ? ಕಾಯಿಲೆ ಇಲ್ಲದ ನಾನೂ ಹೀಗೆ ಮಾಡಬೇಕೇ? — ಬದಿಯಡ್ಕ ಕಡೆಯ ಓದುಗರು

ಉತ್ತರ: ನಿಮ್ಮ ತಂಗಿಯ ಮಗ ಹೇಳಿದ್ದು ಸರಿ. ನೀವು ಬರೆದ ಎರಡು ಸಂಖ್ಯೆಗಳನ್ನು ನೋಡಿದರೆ ಈ ಕ್ರಮ ನಿಮ್ಮ ತಾಯಿಯವರಿಗೆ ವಿಶೇಷವಾಗಿ ಹೊಂದುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ ಹೆಚ್ಚುಕಡಿಮೆ ಹಿಡಿತದಲ್ಲಿದೆ, ಊಟದ ನಂತರದ್ದು ಕೈಮೀರುತ್ತಿದೆ. ಊಟದ ಸರದಿ ಬದಲಿಸುವುದು ಮತ್ತು ಉಂಡ ಮೇಲೆ ನಡೆಯುವುದು, ಇವೆರಡೂ ಕೆಲಸ ಮಾಡುವುದು ಈ ಎರಡನೆಯ ಏರಿಕೆಯ ಮೇಲೆಯೇ. ಖಾಲಿ ಹೊಟ್ಟೆಯ ಸಕ್ಕರೆಯೇ 180, 200 ಇರುವವರಿಗೆ ಇದರಿಂದ ಸಿಗುವ ಲಾಭ ಕಡಿಮೆ. ಅವರಲ್ಲಿ ಯಕೃತ್ತು ರಾತ್ರಿಯಿಡೀ ಸಕ್ಕರೆ ಸುರಿಯುತ್ತಿರುತ್ತದೆ. ಬಾಳೆಲೆಯಲ್ಲಿ ಏನನ್ನು ಮೊದಲು ತಿಂದರೂ ಅದು ನಿಲ್ಲುವುದಿಲ್ಲ.

ಅಮ್ಮನ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅದು ನ್ಯಾಯವಾದ ಪ್ರಶ್ನೆ. ಹೊಟ್ಟೆಗೆ ಹೋದ ಮೇಲೆ ಎಲ್ಲವೂ ಬೆರೆಯುತ್ತದೆ ನಿಜ, ಆದರೆ ಹೋದ ತಕ್ಷಣ ಅಲ್ಲ. ಜಠರದ ಕೆಳತುದಿಯಲ್ಲಿ ಒಂದು ಬಿಗಿಯಾದ ದ್ವಾರವಿದೆ. ಅರೆದು ನುಣ್ಣಗಾದ ಆಹಾರ ಅಲ್ಲಿಂದ ಸಣ್ಣ ಕರುಳಿಗೆ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ಅನ್ನದ ಪಿಷ್ಟ ಪೂರ್ತಿಯಾಗಿ ಗ್ಲೂಕೋಸ್ ಆಗಿ ರಕ್ತ ಸೇರುವುದು ಆ ದ್ವಾರ ದಾಟಿದ ಮೇಲೆ. ಹಾಗಾಗಿ ಊಟದ ನಂತರ ಸಕ್ಕರೆ ಎಷ್ಟು ಎತ್ತರಕ್ಕೆ ಏರುತ್ತದೆ ಎನ್ನುವುದು ಎಷ್ಟು ಅನ್ನ ಉಂಡೆವು ಎಂಬುದರ ಜೊತೆಗೆ ಅದು ಎಷ್ಟು ಬೇಗ ಕೆಳಗಿಳಿಯಿತು ಎಂಬುದರ ಮೇಲೂ ನಿಂತಿದೆ. ಆರೋಗ್ಯವಂತ ವಯಸ್ಕರ ಇಡೀ ದೇಹದ ರಕ್ತದಲ್ಲಿ ಒಂದು ಹೊತ್ತಿಗೆ ಇರುವ ಗ್ಲೂಕೋಸ್ ಸುಮಾರು ಐದು ಗ್ರಾಂ, ಅಂದರೆ ಒಂದು ಟೀ ಚಮಚ. ಎರಡು ದೊಡ್ಡ ಬಟ್ಟಲು ಅನ್ನ, ಅಂದರೆ ಬೇಯಿಸಿದ ತೂಕದಲ್ಲಿ 300 ಗ್ರಾಂನಷ್ಟು ಉಂಡರೆ ಸುಮಾರು 80 ಗ್ರಾಂ ಪಿಷ್ಟ ಒಳಗೆ ಹೋಗುತ್ತದೆ. ಇದು ಒಂದು ಗಂಟೆಯಲ್ಲಿ ಬಂದು ಸೇರುವುದಕ್ಕೂ ಮೂರು ಗಂಟೆಯಲ್ಲಿ ಬಂದು ಸೇರುವುದಕ್ಕೂ ಬಹಳ ಅಂತರ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ತಡವಾಗಿ, ಕಡಿಮೆಯಾಗಿ ಬರುತ್ತದೆ. ಬರುವ ಸಕ್ಕರೆ ನಿಧಾನವಾದರೆ ಆ ದುರ್ಬಲ ಇನ್ಸುಲಿನ್ನೂ ಅದನ್ನು ನಿಭಾಯಿಸುತ್ತದೆ.

ಇದನ್ನು ಜಪಾನಿನ ಒಸಾಕಾದ ವೈದ್ಯರು ಅಳೆದು ನೋಡಿದ್ದಾರೆ. 2016ರಲ್ಲಿ ಪ್ರಕಟವಾದ ಅವರ ಅಧ್ಯಯನ ನಮ್ಮ ಊರಿನವರಿಗೆ ಬೇರೆಲ್ಲ ಅಧ್ಯಯನಗಳಿಗಿಂತ ಹತ್ತಿರದ್ದು, ಏಕೆಂದರೆ ಅಲ್ಲಿ ತಟ್ಟೆಯಲ್ಲಿ ಇದ್ದದ್ದು ಬ್ರೆಡ್ಡಲ್ಲ, ಅನ್ನ. ಜೊತೆಗೆ ಬೇಯಿಸಿದ ಸಾಬಾ ಮೀನು. ಸಾಬಾ ಎಂದರೆ ನಮ್ಮ ಬಂಗುಡೆಯ ಕುಟುಂಬಕ್ಕೇ ಸೇರಿದ ಮೀನು. ಸಕ್ಕರೆ ಕಾಯಿಲೆ ಇರುವವರು, ಇಲ್ಲದವರು ಇಬ್ಬರೂ ಅದರಲ್ಲಿದ್ದರು. ಒಂದು ದಿನ ಅನ್ನ ಮೊದಲು, ಹದಿನೈದು ನಿಮಿಷದ ನಂತರ ಮೀನು. ಇನ್ನೊಂದು ದಿನ ಮೀನು ಮೊದಲು, ಹದಿನೈದು ನಿಮಿಷದ ನಂತರ ಅನ್ನ. ತಿಂದ ಪದಾರ್ಥ ಅದೇ, ಪ್ರಮಾಣ ಅದೇ. ಮೀನು ಮೊದಲು ತಿಂದ ದಿನ ಸಕ್ಕರೆಯ ಏರಿಕೆ ತಗ್ಗಿತು. ಅನ್ನದ ಅರ್ಧಭಾಗ ಜಠರದಿಂದ ಇಳಿಯಲು ಅನ್ನ ಮೊದಲು ಉಂಡ ದಿನ ಸುಮಾರು ಅರ್ಧ ಗಂಟೆ ಸಾಕಾಗಿದ್ದರೆ, ಮೀನು ಮೊದಲು ತಿಂದ ದಿನ ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕಾಯಿತು. ಮೀನಿನ ಪ್ರೋಟೀನು ಮತ್ತು ಕೊಬ್ಬು ಸಣ್ಣ ಕರುಳನ್ನು ಮುಟ್ಟಿದ ಕೂಡಲೇ ಅಲ್ಲಿಂದ ಜಿಎಲ್‌ಪಿ-1 ಎಂಬ ಹಾರ್ಮೋನು ಹೊರಡುತ್ತದೆ. ಅದು ಜಠರದ ಕೆಲಸವನ್ನು ನಿಧಾನಗೊಳಿಸುತ್ತದೆ, ಮೇದೋಜೀರಕ ಗ್ರಂಥಿಗೆ ಇನ್ಸುಲಿನ್ ಸಿದ್ಧಮಾಡು ಎಂದು ಮುಂಚಿತವಾಗಿ ತಿಳಿಸುತ್ತದೆ. ತೂಕ ಮತ್ತು ಸಕ್ಕರೆ ಎರಡನ್ನೂ ತಗ್ಗಿಸುವ ಚುಚ್ಚುಮದ್ದುಗಳು ಅನುಕರಿಸುವುದು ಇದೇ ಹಾರ್ಮೋನನ್ನು. ಚುಚ್ಚುಮದ್ದಿನ ಶಕ್ತಿ ಬಹಳ ಹೆಚ್ಚು, ಒಂದು ಬಂಗುಡೆ ಅದಕ್ಕೆ ಸಾಟಿಯಲ್ಲ. ಆದರೆ ದಾರಿ ಒಂದೇ. ತರಕಾರಿಯ ನಾರಿನ ಕೆಲಸ ಸ್ವಲ್ಪ ಬೇರೆ. ಅದು ನೀರು ಹೀರಿ ಉಬ್ಬಿ, ಕರುಳಿನ ಗೋಡೆಗೂ ಪಿಷ್ಟಕ್ಕೂ ನಡುವೆ ತೆಳ್ಳಗೆ ಹರಡಿಕೊಂಡು ಹೀರಿಕೆಯನ್ನು ತಡೆತಡೆದು ಆಗುವಂತೆ ಮಾಡುತ್ತದೆ.

ಅದಕ್ಕಿಂತ ಒಂದು ವರ್ಷ ಮೊದಲು, 2015ರಲ್ಲಿ, ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನವರು ಇದೇ ಬಗೆಯ ಒಂದು ಸಣ್ಣ ಅಧ್ಯಯನ ಮಾಡಿದ್ದರು. ಅದರಲ್ಲಿದ್ದವರು ಹನ್ನೊಂದು ಜನ ಮಾತ್ರ. ಎಲ್ಲರೂ ನಿಮ್ಮ ತಾಯಿಯವರಂತೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು. ತರಕಾರಿ ಮತ್ತು ಕೋಳಿಮಾಂಸ ಮೊದಲು ತಿಂದು ಬ್ರೆಡ್ಡು, ಕಿತ್ತಳೆ ರಸ ಕೊನೆಗೆ ತೆಗೆದುಕೊಂಡ ದಿನ ಅವರ ಸಕ್ಕರೆ ಅರ್ಧ ಗಂಟೆಗೆ ಸುಮಾರು ಶೇ. 29, ಒಂದು ಗಂಟೆಗೆ ಶೇ. 37, ಎರಡು ಗಂಟೆಗೆ ಶೇ. 17 ಕಡಿಮೆ ಇತ್ತು. ಈ ಮೂರು ಸಂಖ್ಯೆಗಳಲ್ಲಿ ಕೊನೆಯದನ್ನು ಗಮನಿಸಬೇಕು. ನಮ್ಮ ಲ್ಯಾಬುಗಳಲ್ಲಿ ಉಂಡು ಎರಡು ಗಂಟೆಗೆ ರಕ್ತ ತೆಗೆಯುವುದು ವಾಡಿಕೆ. ಸರದಿ ಬದಲಿಸಿದ ಲಾಭ ಹೆಚ್ಚು ಕಾಣುವುದು ಒಂದನೇ ಗಂಟೆಯಲ್ಲಿ. ಹದಿನೈದು ದಿನ ಶ್ರದ್ಧೆಯಿಂದ ಪಲ್ಯ ಮೊದಲು ತಿಂದು, ಎರಡು ಗಂಟೆಯ ಸಂಖ್ಯೆ ಮಾತ್ರ ನೋಡಿ, ಏನೂ ಬದಲಾಗಲಿಲ್ಲ ಎಂದು ಕೈಬಿಡುವವರು ಇದ್ದಾರೆ. ಅಳೆಯುವ ಹೊತ್ತು ತಪ್ಪಿದೆ ಅಷ್ಟೆ.

ಇನ್ನು ನಮ್ಮ ಊಟದ ವಿಷಯ. ಬಾಳೆಲೆಯ ಊಟದಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಮೊದಲು ಬಡಿಸಿ ಅನ್ನ ಆಮೇಲೆ ಬಡಿಸುತ್ತೇವೆ. ಆದರೂ ಅನ್ನ ಬೀಳುವ ತನಕ ಯಾರೂ ಕೈ ಹಾಕುವುದಿಲ್ಲ. ಕೈ ಹಾಕಿದ ಮೇಲೆ ಮೊದಲ ತುತ್ತೇ ಅನ್ನ ಮತ್ತು ಸಾರು. ಪಲ್ಯ ನಡುನಡುವೆ ನಂಜಿಕೊಳ್ಳುವ ವಸ್ತು. ಮನೆಯ ಊಟದಲ್ಲೂ ಹಾಗೆಯೇ: ಒಂದು ಮುಷ್ಟಿ ಅನ್ನಕ್ಕೆ ಎರಡು ಚೂರು ಪಲ್ಯ. ಹೀಗಾಗಿ ನಮ್ಮ ತಟ್ಟೆಯಲ್ಲಿ ತರಕಾರಿ ಇದ್ದರೂ ಸರದಿ ಇಲ್ಲ, ಮತ್ತು ಪ್ರಮಾಣವೂ ಎರಡು ಚಮಚದ ಹತ್ತಿರವೇ ನಿಲ್ಲುತ್ತದೆ. ಎರಡು ಚಮಚ ಪಲ್ಯವನ್ನು ಮೊದಲು ತಿಂದರೆ ಜಠರಕ್ಕೆ ಗೊತ್ತೇ ಆಗುವುದಿಲ್ಲ. ನಂಜಿಕೊಳ್ಳುವ ಪಲ್ಯವನ್ನು ತಿನ್ನುವ ಪಲ್ಯವನ್ನಾಗಿ ಮಾಡುವುದೇ ಇಲ್ಲಿನ ನಿಜವಾದ ಬದಲಾವಣೆ.

ನಿಮ್ಮ ಮನೆಯ ಮಧ್ಯಾಹ್ನವನ್ನೇ ತೆಗೆದುಕೊಳ್ಳಿ. ಅಮ್ಮ ಒಂದು ಗಂಟೆಗೆ ಉಣ್ಣುತ್ತಾರೆ ಎಂದುಕೊಳ್ಳೋಣ. ತಟ್ಟೆಗೆ ಮೊದಲು ಒಂದು ದೊಡ್ಡ ಬಟ್ಟಲು, ಅಂದರೆ 150 ಗ್ರಾಂನಷ್ಟು ತರಕಾರಿ ಬಡಿಸಿ. ಅಲಸಂಡೆ, ತೊಂಡೆಕಾಯಿ, ಬೆಂಡೆ, ಹರಿವೆ, ಬಸಳೆ, ಬಾಳೆದಿಂಡು, ಹಾಗಲ, ಪಡವಲ, ಮುಳ್ಳುಸೌತೆ ಯಾವುದಾದರೂ ಆಗಬಹುದು. ಬಾಳೆಹೂವಿನ ಪಲ್ಯಕ್ಕೆ ಹೆಸರುಕಾಳು ಸೇರಿಸುವ ಪದ್ಧತಿ ನಿಮ್ಮಲ್ಲಿದ್ದರೆ ಬಹಳ ಒಳ್ಳೆಯದು. ಉಪ್ಪು ಖಾರ ಕಡಿಮೆ ಹಾಕಿ, ಏಕೆಂದರೆ ಅನ್ನವಿಲ್ಲದೆ ಬರಿದೇ ತಿನ್ನಬೇಕು. ಅನ್ನಕ್ಕೆಂದು ಮಾಡಿದ ಪಲ್ಯದ ಉಪ್ಪು ಬರಿಬಾಯಿಗೆ ಜಾಸ್ತಿಯಾಗುತ್ತದೆ, ರಕ್ತದ ಒತ್ತಡ ಇರುವವರಿಗೆ ಅದು ಹೊಸ ತೊಂದರೆ. ಅದರ ಜೊತೆಗೆ ಮಧ್ಯಮ ಗಾತ್ರದ ಒಂದು ಬಂಗುಡೆ ಅಥವಾ ಮೂರು ನಾಲ್ಕು ಭೂತಾಯಿ. ಪುಳಿಮುಂಚಿ ಮಾಡಿದ್ದು ಒಳ್ಳೆಯದು, ಕಾವಲಿಯ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಕಾಯಿಸಿದ್ದೂ ನಡೆಯುತ್ತದೆ. ರವೆ ಮೆತ್ತಿ ಎಣ್ಣೆಯಲ್ಲಿ ಮುಳುಗಿಸಿ ಹುರಿದದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಇಷ್ಟನ್ನು ಅಗಿದು, ಮಾತನಾಡುತ್ತಾ, ಹತ್ತು ನಿಮಿಷದಲ್ಲಿ ತಿನ್ನಲಿ. ಆ ತನಕ ಅನ್ನ ಪಾತ್ರೆಯಲ್ಲೇ ಇರಲಿ, ತಟ್ಟೆಗೆ ಬರುವುದು ಬೇಡ. ತಟ್ಟೆಯಲ್ಲಿದ್ದರೆ ಕೈ ಅಲ್ಲಿಗೇ ಹೋಗುತ್ತದೆ.

ಆಮೇಲೆ ಅನ್ನ. ಸಾರೋ ಸಾಂಬಾರೋ ಮೀನಿನ ಗಸಿಯೋ ಹಾಕಿಕೊಂಡು ಎಂದಿನಂತೆ ಉಣ್ಣಲಿ. ಕೊನೆಗೆ ಮಜ್ಜಿಗೆ. ಇಲ್ಲಿ ಒಂದು ಸಂಗತಿ ತಾನಾಗಿ ನಡೆಯುತ್ತದೆ: ಹೊಟ್ಟೆ ಆಗಲೇ ಅರ್ಧ ತುಂಬಿರುವುದರಿಂದ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವುದು ನಿಲ್ಲುತ್ತದೆ. ಬಲವಂತದಿಂದ ಅನ್ನ ಕಡಿಮೆ ಮಾಡಿದರೆ ನಾಲ್ಕು ಗಂಟೆಗೆ ಹಸಿವಾಗಿ ಚಹಾದ ಜೊತೆ ಬಿಸ್ಕತ್ತು, ಬಾಳೆಕಾಯಿ ಚಿಪ್ಸು ಬರುತ್ತದೆ. ಈ ಕ್ರಮದಲ್ಲಿ ಆ ಹಸಿವು ಕಡಿಮೆ. ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯಲ್ಲಿ ಲಾಭ ಕಂಡವರಲ್ಲಿ ಸರದಿಯ ಪಾಲೆಷ್ಟು, ಅನ್ನ ಕಡಿಮೆಯಾದದ್ದರ ಪಾಲೆಷ್ಟು ಎಂದು ಬೇರೆ ಮಾಡಿ ಹೇಳುವುದು ಕಷ್ಟ. ಎರಡೂ ಸೇರಿ ಕೆಲಸ ಮಾಡುತ್ತವೆ ಎನ್ನುವುದು ನನ್ನ ತಿಳಿವಳಿಕೆ. ಹದಿನೈದು ನಿಮಿಷದ ಅಂತರ ಪ್ರಯೋಗಕ್ಕಾಗಿ ಇಟ್ಟದ್ದು, ಮನೆಯಲ್ಲಿ ಗಡಿಯಾರ ನೋಡಿ ಕಾಯಬೇಕಾಗಿಲ್ಲ. ತರಕಾರಿಯನ್ನು ನಿಧಾನವಾಗಿ ಅಗಿದು ತಿಂದರೆ ಬೇಕಾದ ಅಂತರ ಅದರಲ್ಲೇ ಬಂದುಬಿಡುತ್ತದೆ.

ಜನ ಎಡವುವುದು ಯಾವುದು ತರಕಾರಿ ಎಂಬಲ್ಲಿ. ನಮ್ಮ ಕಡೆ ಪಲ್ಯ ಎಂದು ಮಾಡುವ ಎಲ್ಲವೂ ಈ ಲೆಕ್ಕಕ್ಕೆ ತರಕಾರಿಯಲ್ಲ. ಬಟಾಟೆ, ಮರಗೆಣಸು, ಸುವರ್ಣಗೆಡ್ಡೆ, ಕೆಸುವಿನ ಗೆಡ್ಡೆ, ಬಾಳೆಕಾಯಿ, ಜೀಗುಜ್ಜೆ, ಬೆಳೆದ ಹಲಸಿನಕಾಯಿ, ಇವೆಲ್ಲ ಪಿಷ್ಟದ ಮೂಟೆಗಳು. ಅವನ್ನು ಮೊದಲು ತಿನ್ನುವುದೂ ಒಂದೇ, ಅನ್ನ ಮೊದಲು ಉಣ್ಣುವುದೂ ಒಂದೇ. ಮಳೆಗಾಲದಲ್ಲಿ ಅಂಗಳದ ತರಕಾರಿ ಕೊಳೆತು ಹೋಗಿ ಗೆಡ್ಡೆಗಳೇ ಮನೆಯಲ್ಲಿ ಉಳಿಯುತ್ತವೆ, ಆಗ ಸೊಪ್ಪನ್ನು ನೆನಪಿಸಿಕೊಳ್ಳಬೇಕು: ತಗತೆ, ನುಗ್ಗೆ, ಕೆಸುವಿನ ಎಲೆ. ಪತ್ರೊಡೆ ಮಾತ್ರ ಸೊಪ್ಪಿನ ಅಡುಗೆ ಎಂದು ಮೋಸಹೋಗಬೇಡಿ, ಅದರಲ್ಲಿ ಅಕ್ಕಿಯೇ ಹೆಚ್ಚು. ತೆಂಗಿನಕಾಯಿಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾಯಿತುರಿಯಲ್ಲಿ ಪಿಷ್ಟ ಕಡಿಮೆ, ನಾರೂ ಕೊಬ್ಬೂ ಇದೆ, ಸಕ್ಕರೆಯ ಏರಿಕೆಯನ್ನು ಅದು ಹೆಚ್ಚಿಸುವುದಿಲ್ಲ. ಆದರೆ ಕ್ಯಾಲೊರಿ ಬಹಳ. ಒಂದು ಬಟ್ಟಲು ಪಲ್ಯಕ್ಕೆ ಒಂದೆರಡು ಚಮಚ ತುರಿ ಸಾಕು, ಕಾಯಿ ತಿನ್ನಲು ತರಕಾರಿ ನೆಪವಾಗಬಾರದು.

ಮೀನು ತಿನ್ನದ ಮನೆಗಳಲ್ಲಿ ಪ್ರೋಟೀನಿನ ಜಾಗಕ್ಕೆ ಬರುವುದು ಕಾಳು ಮತ್ತು ಮೊಸರು. ಹುರುಳಿ, ಹೆಸರು, ಕಡಲೆ, ಅಲಸಂಡೆ ಬೀಜ ಒಣಗಿದ್ದು ನೂರು ಗ್ರಾಂನಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೋಟೀನು ಇದೆ, ಆದರೆ 50 ಗ್ರಾಂ ಮೀರಿ ಪಿಷ್ಟ ಮತ್ತು ನಾರೂ ಇದೆ. ಹಾಗಾಗಿ ಕಾಳನ್ನು ಮೀನಿನಂತೆ ಲೆಕ್ಕಿಸಬೇಡಿ. ಬೆಂದ ಕಾಳು ಅರ್ಧ ಬಟ್ಟಲು ತಿಂದರೆ ಅನ್ನವನ್ನು ಅಷ್ಟೇ ಕಡಿಮೆ ಹಾಕಿಕೊಳ್ಳಿ. ಕಾಳಿನ ಪಿಷ್ಟ ಅನ್ನದ ಪಿಷ್ಟಕ್ಕಿಂತ ಬಹಳ ನಿಧಾನ, ಆದ್ದರಿಂದ ಈ ಅದಲುಬದಲು ಲಾಭದ್ದೇ. ಹೆಸರುಬೇಳೆಯ ಕೋಸಂಬರಿ, ಮೊಳಕೆ ಹೆಸರಿನ ಪಲ್ಯ, ಹುರುಳಿ ಮತ್ತು ಬಾಳೆದಿಂಡಿನ ಪಲ್ಯ, ಇವು ಇದಕ್ಕೆಂದೇ ಮಾಡಿಟ್ಟಂತಿವೆ. ನೀರಾದ ಬೇಳೆಸಾರು ಸಾಲದು. ತಂಬುಳಿಯೂ ಹಾಗೆಯೇ, ಅದರಲ್ಲಿ ಸೊಪ್ಪು ಒಂದು ಹಿಡಿಯಷ್ಟು ಮಾತ್ರ. ಮೂತ್ರಪಿಂಡದ ತೊಂದರೆ ಇದೆ ಎಂದು ವೈದ್ಯರು ಪ್ರೋಟೀನು ಮಿತಿಗೊಳಿಸಿದ್ದರೆ ಈ ಭಾಗವನ್ನು ಅವರನ್ನು ಕೇಳಿಯೇ ಮಾಡಬೇಕು.

ಕುಚ್ಚಲಕ್ಕಿ ಬೆಳ್ತಿಗೆಗಿಂತ ಸ್ವಲ್ಪ ವಾಸಿ. ಭತ್ತವನ್ನು ಬೇಯಿಸಿ ಒಣಗಿಸುವಾಗ ಅದರ ಪಿಷ್ಟದ ಸ್ವಲ್ಪ ಭಾಗ ಬಿಗಿಯಾಗಿ ಕಟ್ಟಿಕೊಂಡು ಜೀರ್ಣವಾಗಲು ತಡಮಾಡುತ್ತದೆ. ಆದರೆ ಆ ವ್ಯತ್ಯಾಸ ಚಿಕ್ಕದು, ಕುಚ್ಚಲು ಎಂದು ಎರಡು ಪಾಲು ಉಂಡರೆ ಅದು ಅಳಿಸಿಹೋಗುತ್ತದೆ. ರಾತ್ರಿಯ ಗಂಜಿ ಇದಕ್ಕಿಂತ ಕಷ್ಟದ ವಿಷಯ. ಅಗುಳು ಚೆನ್ನಾಗಿ ಅರಳಿ ಮೆತ್ತಗಾಗಿರುತ್ತದೆ, ತಿಳಿಯಲ್ಲೂ ಪಿಷ್ಟ ಕರಗಿರುತ್ತದೆ, ಅಗಿಯದೆ ಕುಡಿದುಬಿಡುತ್ತೇವೆ, ದ್ರವವಾದ್ದರಿಂದ ಜಠರದಿಂದ ಬೇಗ ಇಳಿಯುತ್ತದೆ. ಜೊತೆಗೆ ಇರುವುದು ಉಪ್ಪಿನಕಾಯಿ ಅಥವಾ ಚಟ್ನಿ ಮಾತ್ರ. ಗಂಜಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಅರುವತ್ತು ವರ್ಷದಿಂದ ರಾತ್ರಿ ಗಂಜಿ ಉಂಡವರಿಗೆ ಅದಿಲ್ಲದೆ ಊಟವಾದಂತಾಗುವುದಿಲ್ಲ. ಗಂಜಿಗೆ ಮೊದಲು ಒಂದು ಬಟ್ಟಲು ಹೆಸರುಕಾಳಿನ ಪಲ್ಯ ತಿನ್ನಲಿ. ಗಂಜಿ ಮತ್ತು ಹೆಸರು ಕಾಸರಗೋಡಿನ ಹಳೆಯ ಜೋಡಿಯೇ, ಹೊಸತಾಗಿ ಕಲಿಯಬೇಕಾದ್ದು ಏನಿಲ್ಲ. ಮೊಟ್ಟೆ ತಿನ್ನುವವರಾದರೆ ಬೇಯಿಸಿದ ಒಂದು ಮೊಟ್ಟೆ. ತಿಳಿಯನ್ನು ಕಡಿಮೆ ಮಾಡಿ ಅಗುಳನ್ನು ಚಮಚದಲ್ಲಿ ಅಗಿದು ಉಣ್ಣಲಿ.

ಈಗ ನಡಿಗೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ 41 ಜನರಿಗೆ ಎರಡು ಬೇರೆ ಬೇರೆ ಸಲಹೆಗಳನ್ನು ಸರದಿಯಂತೆ ಕೊಟ್ಟರು. ಒಂದು, ದಿನದಲ್ಲಿ ಯಾವಾಗಲಾದರೂ ಅರ್ಧ ಗಂಟೆ ನಡೆಯಿರಿ. ಇನ್ನೊಂದು, ಮೂರೂ ಊಟದ ಬಳಿಕ ಹತ್ತು ಹತ್ತು ನಿಮಿಷ ನಡೆಯಿರಿ. ಒಟ್ಟು ನಡಿಗೆ ಒಂದೇ. ಊಟದ ನಂತರ ನಡೆದ ದಿನಗಳಲ್ಲಿ ಊಟದ ನಂತರದ ಸಕ್ಕರೆ ಸರಾಸರಿ ಶೇ. 12 ಕಡಿಮೆ, ರಾತ್ರಿ ಊಟದ ಬಳಿಕವಂತೂ ಶೇ. 22 ಕಡಿಮೆ. ರಾತ್ರಿಯಲ್ಲೇ ಹೆಚ್ಚು ಲಾಭ ಏಕೆಂದರೆ ಅವರೂ ನಮ್ಮಂತೆ ರಾತ್ರಿ ಹೆಚ್ಚು ಪಿಷ್ಟ ತಿಂದು, ಆಮೇಲೆ ಕುಳಿತೇ ಇರುವವರು. ಕಾಲಿನ ಮಾಂಸಖಂಡಗಳು ಕೆಲಸ ಮಾಡುವಾಗ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಗ್ಲೂಕೋಸನ್ನು ನೇರವಾಗಿ ಎಳೆದುಕೊಳ್ಳುತ್ತವೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದವರಿಗೆ ಸಿಗುವ ಎರಡನೆಯ ಬಾಗಿಲು ಅದು. ಸಕ್ಕರೆ ಏರುತ್ತಿರುವ ಹೊತ್ತಿಗೇ ಆ ಬಾಗಿಲು ತೆರೆದರೆ ಏರಿಕೆಯ ತುದಿ ಕತ್ತರಿಸಿಹೋಗುತ್ತದೆ. ಬೆಳಗ್ಗೆ ಐದೂವರೆಗೆ ಎದ್ದು ನಡೆಯುವುದರಿಂದ ಹೃದಯಕ್ಕೆ, ತೂಕಕ್ಕೆ ಒಳ್ಳೆಯದಾಗುತ್ತದೆ, ಆದರೆ ಮಧ್ಯಾಹ್ನದ 230ಕ್ಕೆ ಅದು ಹೆಚ್ಚೇನೂ ಮಾಡದು.

ಆದ್ದರಿಂದ ಕೈ ತೊಳೆದು, ಪಾತ್ರೆ ಒಳಗಿಟ್ಟು, ಊಟ ಮುಗಿದ ಅರ್ಧ ಗಂಟೆಯೊಳಗೆ ನಡಿಗೆ ಶುರುವಾಗಬೇಕು. ಬಿರುಸಾಗಿ ಬೇಡ. ಉಸಿರು ಕಟ್ಟದೆ ಮಾತನಾಡಲು ಆಗುವಷ್ಟು ವೇಗ ಸಾಕು. ಹತ್ತು ನಿಮಿಷಕ್ಕೆ ಸುಮಾರು 600 ಮೀಟರ್ ಆಗುತ್ತದೆ. ಉಂಡ ಮೇಲೆ ನೂರು ಹೆಜ್ಜೆ ಹಾಕಬೇಕೆಂದು ಹಿರಿಯರು ಹೇಳುವುದುಂಟು. ದಿಕ್ಕು ಸರಿ, ಪ್ರಮಾಣ ಸಾಲದು, ನೂರು ಹೆಜ್ಜೆ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಮಳೆ, ಅಂಗಳದಲ್ಲಿ ಪಾಚಿ, ರಾತ್ರಿ ತೋಟದ ದಾರಿಯಲ್ಲಿ ಹಾವಿನ ಭಯ. ಬಿಸಿಲುಗಾಲದ ಮಧ್ಯಾಹ್ನ ಒಂದೂವರೆಗೆ ಹೊರಗೆ ಕಾಲಿಡುವ ಹಾಗಿಲ್ಲ. ಜಗಲಿಯೇ ಸಾಕು. ಹತ್ತು ಮೀಟರ್ ಉದ್ದದ ಜಗಲಿಯಾದರೆ ಅರುವತ್ತು ಸಲ ಅತ್ತಿಂದಿತ್ತ. ಒಬ್ಬರೇ ನಡೆಯಲು ಬೇಸರವಾದರೆ ರೇಡಿಯೋ ಹಾಕಿಕೊಳ್ಳಲಿ, ಇಲ್ಲವೇ ನೀವು ಜೊತೆಗೆ ನಡೆಯಿರಿ. ಮಂಡಿನೋವು ಇದ್ದು ನಡೆಯಲಾಗದಿದ್ದರೆ ಪಾತ್ರೆ ತೊಳೆಯುವುದು, ಗುಡಿಸುವುದು, ಒಣಗಿದ ಬಟ್ಟೆ ಮಡಚುವುದು, ನಿಂತು ಮಾಡುವ ಯಾವ ಕೆಲಸವೂ ಕುಳಿತಿರುವುದಕ್ಕಿಂತ ಮೇಲು. ಮಧ್ಯಾಹ್ನದ ನಿದ್ದೆ ಬಿಡಬೇಕಾಗಿಲ್ಲ, ನಡೆದ ಮೇಲೆ ಮಲಗಲಿ.

ಪಾದದಲ್ಲಿ ಜೋಮು, ಸ್ಪರ್ಶ ತಿಳಿಯದಿರುವುದು ಇದ್ದರೆ ಜಗಲಿಯಲ್ಲೂ ಬರಿಗಾಲಲ್ಲಿ ನಡೆಯಬಾರದು. ಊಟವಾಗಿ ನಡೆಯುವಾಗ ಎದೆ ಬಿಗಿಯುವುದು, ಕಣ್ಣು ಕತ್ತಲೆ ಬರುವುದು ಆದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಹೃದಯದ ರಕ್ತನಾಳ ಕಟ್ಟಿದ್ದು ಉಂಡು ನಡೆಯುವಾಗ ಮೊದಲು ತಿಳಿಯುವುದುಂಟು. ವಯಸ್ಸಾದ ಕೆಲವರಿಗೆ ಊಟದ ನಂತರ ರಕ್ತದ ಒತ್ತಡ ಇಳಿದು ತಲೆ ತಿರುಗುವುದೂ ಇದೆ.

ಇದಕ್ಕಿಂತಲೂ ಮುಖ್ಯವಾದ ಎಚ್ಚರಿಕೆ ಔಷಧದ್ದು. ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಪಾಯಕ್ಕೆ ಇಳಿಯುವ ಭಯ ತೀರಾ ಕಡಿಮೆ, ಹಾಗಾಗಿ ನಿಮ್ಮ ತಾಯಿಯವರು ಧೈರ್ಯವಾಗಿ ಶುರುಮಾಡಬಹುದು. ಆದರೆ ನಿಮ್ಮ ಮಾತು ಕೇಳಿ ನೆರೆಮನೆಯವರೂ ಶುರುಮಾಡುತ್ತಾರೆ. ಅವರು ಇನ್ಸುಲಿನ್ ಚುಚ್ಚಿಕೊಳ್ಳುವವರೋ, ಗ್ಲಿಮಿಪಿರೈಡ್, ಗ್ಲಿಕ್ಲಜೈಡ್ ಜಾತಿಯ ಮಾತ್ರೆ ನುಂಗುವವರೋ ಆಗಿದ್ದರೆ ವಿಷಯ ಬೇರೆ. ಊಟಕ್ಕೆ ಅರ್ಧ ಗಂಟೆ ಮೊದಲು ಇನ್ಸುಲಿನ್ ಚುಚ್ಚಿಕೊಂಡು, ಅನ್ನವನ್ನು ಇನ್ನೂ ಹದಿನೈದು ನಿಮಿಷ ತಡಮಾಡಿ, ಆ ಅನ್ನವೂ ಜಠರದಲ್ಲೇ ಉಳಿದು, ಮೇಲಿನಿಂದ ನಡಿಗೆಯೂ ಸೇರಿದರೆ ಔಷಧ ಕೆಲಸ ಶುರುಮಾಡುವಾಗ ರಕ್ತದಲ್ಲಿ ಸಕ್ಕರೆ ಸಾಲದೆ ಅಪಾಯಕ್ಕೆ ಇಳಿಯಬಹುದು. ಬೆವರು, ಕೈನಡುಕ, ಎದೆಬಡಿತ, ಒಮ್ಮೆಲೇ ಹಸಿವು, ಮಾತು ತಡವರಿಸುವುದು ಅದರ ಗುರುತು. ಆಗ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು, ಹದಿನೈದು ನಿಮಿಷದ ಮೇಲೆ ಪರೀಕ್ಷಿಸಿ 70ಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ. ಇಂಥವರು ವೈದ್ಯರಿಗೆ ಹೇಳಿ, ಅವರು ಚುಚ್ಚುಮದ್ದಿನ ಹೊತ್ತು ಅಥವಾ ಪ್ರಮಾಣ ಸರಿಹೊಂದಿಸಿದ ಮೇಲೆಯೇ ಊಟದ ಸರದಿ ಬದಲಿಸಬೇಕು. ಹಳೆಯ ಸಕ್ಕರೆ ಕಾಯಿಲೆಯಿಂದ ಜಠರವೇ ಮಂದವಾಗಿ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿ ವಾಂತಿ ಬರುವವರಿಗೂ ಇದು ಹೊಂದುವುದಿಲ್ಲ.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಮನೆಯ ಗ್ಲೂಕೋಮೀಟರ್ ಸಾಕು. ಬಳಸುವ ಬಗೆ ಸರಿಯಿರಬೇಕು. ಮೊದಲ ವಾರ ಹಳೆಯ ಕ್ರಮದಲ್ಲೇ ಉಂಡು ಮೂರು ಬೇರೆ ಬೇರೆ ದಿನ ಅಳೆಯಿರಿ: ಊಟಕ್ಕೆ ಮೊದಲು, ಮೊದಲ ತುತ್ತಿನಿಂದ ಒಂದು ಗಂಟೆಗೆ, ಎರಡು ಗಂಟೆಗೆ. ಎರಡನೇ ವಾರ ಅದೇ ಅಡುಗೆ, ಅಷ್ಟೇ ಅನ್ನ, ಸರದಿ ಮಾತ್ರ ಬೇರೆ. ಮೂರನೇ ವಾರ ಸರದಿಯ ಜೊತೆಗೆ ನಡಿಗೆ. ಅನ್ನವನ್ನು ಒಂದೇ ಬಟ್ಟಲಿನಲ್ಲಿ ಅಳೆದು ಹಾಕಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತೆಂದು ಗೊತ್ತಾಗದು. ಬೆರಳನ್ನು ಸಾಬೂನಿನಲ್ಲಿ ತೊಳೆದು ಒರೆಸಿಕೊಂಡೇ ಚುಚ್ಚಬೇಕು. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ಸಕ್ಕರೆ ಸುಳ್ಳು ಹೇಳುತ್ತದೆ. ಮೀಟರುಗಳಲ್ಲಿ ಶೇ. 15ರಷ್ಟು ಏರಿಳಿತ ಒಪ್ಪಿತವಾದದ್ದು. ಉದಾಹರಣೆಗೆ, ಒಂದು ಗಂಟೆಯ ಸಂಖ್ಯೆ ಮೊದಲ ವಾರ 245, 230, 250 ಇದ್ದು ಎರಡನೇ ವಾರ 235, 228, 240 ಬಂದರೆ ಏನೂ ಬದಲಾಗಿಲ್ಲವೆಂದೇ ತಿಳಿಯಬೇಕು. ಅದೇ 200, 190, 205 ಬಂದರೆ ನಿಜವಾದ ಇಳಿಕೆ. ಊಟ ಶುರುವಾಗಿ ಒಂದೆರಡು ಗಂಟೆಯಲ್ಲಿ 180ರ ಒಳಗೆ ಇರಬೇಕೆನ್ನುವುದು ಸಕ್ಕರೆ ಕಾಯಿಲೆಯ ಹೆಚ್ಚಿನವರಿಗೆ ಇಟ್ಟುಕೊಂಡಿರುವ ಗುರಿ. ಮೂರೂ ವಾರದ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಕುಟುಂಬಾರೋಗ್ಯ ಕೇಂದ್ರದ ವೈದ್ಯರಿಗೋ ನೀವು ತೋರಿಸುವ ವೈದ್ಯರಿಗೋ ಕೊಡಿ. ಏನೂ ಬದಲಾಗದಿದ್ದರೆ ಅದೂ ಅವರಿಗೆ ಬೇಕಾದ ಸುದ್ದಿ: ಅನ್ನದ ಪ್ರಮಾಣವನ್ನೋ ಮಾತ್ರೆಯನ್ನೋ ಮತ್ತೆ ನೋಡಬೇಕೆಂದು ಅರ್ಥ. ಚೆನ್ನಾಗಿ ಇಳಿದಿದೆ ಎಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಇಳಿದದ್ದು ಮಾತ್ರೆ ಮತ್ತು ಸರದಿ ಎರಡೂ ಸೇರಿ.

ಕಾಯಿಲೆ ಇಲ್ಲದ ನೀವು ಮಾಡಬೇಕೇ ಎಂಬುದಕ್ಕೆ: ಆರೋಗ್ಯವಂತರಲ್ಲಿ ಉಂಡ ಮೇಲೆ ಸಕ್ಕರೆ ಸ್ವಲ್ಪ ಏರಿ ಎರಡು ಗಂಟೆಯಲ್ಲಿ 140ರ ಕೆಳಗೆ ಬರುವುದು ಸಹಜ, ಅದನ್ನು ಕಂಡು ಹೆದರಬೇಕಾದ್ದಿಲ್ಲ, ತೋಳಿಗೆ ಅಂಟಿಸುವ ಸೆನ್ಸರ್ ಕೊಳ್ಳಬೇಕಾದ್ದೂ ಇಲ್ಲ. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ವರದಿಯಂತೆ ಕೇರಳದ ವಯಸ್ಕರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ. ಅಮ್ಮನಿಗೆ ಇದ್ದ ಮೇಲೆ ನಿಮಗೆ ಬರುವ ಸಾಧ್ಯತೆ ಇನ್ನೂ ಹೆಚ್ಚು. ವರ್ಷಕ್ಕೊಮ್ಮೆ ಖಾಲಿ ಹೊಟ್ಟೆಯ ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ಎರಡನ್ನೂ ಪರೀಕ್ಷಿಸಿಕೊಳ್ಳಿ. ಮನೆಯಲ್ಲಿ ಒಬ್ಬರ ತಟ್ಟೆ ಬೇರೆ, ಉಳಿದವರದ್ದು ಬೇರೆ ಎಂದಾದರೆ ಅಮ್ಮ ನಾಲ್ಕು ದಿನದಲ್ಲಿ ಹಳೆಯ ಕ್ರಮಕ್ಕೆ ಮರಳುತ್ತಾರೆ. ಎಲ್ಲರಿಗೂ ಪಲ್ಯ ಮೊದಲು ಬಡಿಸುವುದಕ್ಕೆ ಆ ಒಂದು ಕಾರಣವೇ ಸಾಕು.

ಜಂಬರದ ಊಟದಲ್ಲಿ ಏನು ಮಾಡುವುದೆಂದು ನೀವು ಕೇಳಿಲ್ಲ, ಆದರೆ ಅಮ್ಮ ಕೇಳುತ್ತಾರೆ. ಎಲೆಯ ಮೇಲೆ ಕೋಸಂಬರಿ, ಎರಡು ಬಗೆ ಪಲ್ಯ ಬಡಿಸಿ ಅನ್ನದವರು ಬರುವಷ್ಟರಲ್ಲಿ ಕೆಲವು ನಿಮಿಷ ಸಿಗುತ್ತದೆ. ಪಂಕ್ತಿಯಲ್ಲಿ ಎಲ್ಲರಿಗಿಂತ ಮೊದಲು ಉಣ್ಣುವುದು ಅವರಿಗೆ ಸರಿಕಾಣದಿದ್ದರೆ ಅನ್ನಕ್ಕೆ ಸಾರು ಹಾಕಿಸಿಕೊಂಡು ಹಾಗೇ ಬಿಟ್ಟು, ಪಲ್ಯ ಮುಗಿಸಿ, ಇನ್ನೊಮ್ಮೆ ಪಲ್ಯ ಕೇಳಿ ಹಾಕಿಸಿಕೊಂಡು, ಆಮೇಲೆ ಅನ್ನಕ್ಕೆ ಕೈ ಹಾಕಲಿ. ಪಾಯಸ ಬೇಕೆನಿಸಿದರೆ ಒಂದು ಸೌಟು, ಎರಡನೇ ಸಲದ ಅನ್ನದ ಬದಲಿಗೆ. ಕೈ ತೊಳೆದು ಬಂದವರು ಕುರ್ಚಿ ಹುಡುಕುವ ಮೊದಲು ಅಂಗಳದಲ್ಲೋ ತೋಟದ ಬದಿಯಲ್ಲೋ ಪರಿಚಯದವರನ್ನು ಮಾತನಾಡಿಸುತ್ತಾ ಹತ್ತು ನಿಮಿಷ ಸುತ್ತಾಡಲಿ.